ಜಗಲಿಯ ಮೇಲಿನ ಎರಡು ಮಗ್

ನನ್ನ ಗಂಡ ಅಮರೇಶ್ ತೀರಿಹೋದ ಮರುವರ್ಷ, ಕೊಟ್ಟೂರಿನ ಬಸ್ ನಿಲ್ದಾಣದ ಎದುರಿದ್ದ ಅವನ ಫೋಟೋ ಸ್ಟುಡಿಯೋವನ್ನು ನಾನೂ ಮೈದುನ ಗುರುಶಾಂತನೂ ಮತ್ತೆ ತೆರೆದೆವು. ಎಲ್ಲರ ಕೈಗೂ ಕ್ಯಾಮೆರಾ ಇರುವ ಮೊಬೈಲ್ ಬಂದಿತ್ತು. ಫೋಟೋ ತೆಗೆಸುವವರು ಕಡಿಮೆ. ಹಾಗಾಗಿ ಮಗ್, ಟೀ ಶರ್ಟ್ ಮೇಲೆ ಕೇಳಿದ ಚಿತ್ರ ಅಚ್ಚು ಹಾಕಿಸಿಕೊಡುತ್ತೇವೆ ಎಂದು ಬೋರ್ಡ್ ಬರೆಸಿದೆವು. ಮಷೀನು ನಮ್ಮದಲ್ಲ. ಆರ್ಡರ್ ಬಂದ ಮೇಲೆ ನಾನು ಚಿತ್ರ ಸಿದ್ಧಮಾಡಿ ಬೇರೆ ಊರಿನ ಅಚ್ಚಿನವರಿಗೆ ಮೇಲ್ ಮಾಡಬೇಕು, ಅವರು ಅಚ್ಚು ಹಾಕಿ ಬಸ್ಸಿಗೆ ಕೊಡಬೇಕು. ಸರಕು ಕೂಡಿಡುವ ಗೋಜಿಲ್ಲ.

ಮೊದಲ ದೊಡ್ಡ ಆರ್ಡರ್ ತಂದವನು ಹಗರಿಬೊಮ್ಮನಹಳ್ಳಿ ಕಾಲೇಜಿನ ಕ್ರಾಂತಿಕುಮಾರ್. ಬೀಳ್ಕೊಡುಗೆಗೆ ತರಗತಿಯ ಪ್ರತಿಯೊಬ್ಬರಿಗೂ ಅವರವರ ಹೆಸರು, ಫೋಟೋ ಇರುವ ಮಗ್ ಬೇಕು, ಜೊತೆಗೆ ಕಪ್ಪು ಕಾಟನ್ ಟೀ ಶರ್ಟ್.

"ಮಗ್ಗಿಗೆ ಹಾಕೋ ಬಣ್ಣ ಕಪ್ಪು ಕಾಟನ್ನಿಗೆ ಹತ್ತಂಗಿಲ್ಲಪ್ಪ. ಬಿಳೇ ಪಾಲಿಯೆಸ್ಟರ್ ಬೇಕು" ಎಂದೆ.

"ನಮ್ಮ ಬಿಸಲಾಗ ಪಾಲಿಯೆಸ್ಟರ್ ಹಾಕ್ಕೊಂಡ್ರ ಬೀಳ್ಕೊಡುಗಿ ಅಲ್ರಿ ಮೇಡಂ, ಬೆಂದ್ಕೊಡುಗಿ ಆಗ್ತೈತಿ."

"ಅಂಗಿಗೆಲ್ಲ ಒಂದಾ ಚಿತ್ರ ಇದ್ರ ಸ್ಕ್ರೀನ್ ಪ್ರಿಂಟ್ ಅಗ್ಗ. ಹೊಸಪೇಟ್ಯಾಗ ಮಾಡಿಸ್ಕೊಳ್ರಿ. ಮಗ್ ನಮಗ ಬಿಡ್ರಿ."

ಗುರುಶಾಂತ ನನ್ನನ್ನು ದುರುಗುಟ್ಟಿ ನೋಡಿದ. ಮಗ್ಗಿಗೆ ನೂರೈವತ್ತು ರೂಪಾಯಿ ಎಂದು ಮಾತಾಯಿತು.

ಅಚ್ಚು ಹಾಕುವವರು ಇಬ್ಬರು ಸಿಕ್ಕಿದ್ದರು. ಹುಬ್ಬಳ್ಳಿಯವನು ಎಪ್ಪತ್ತು ಕೇಳಿದ, ದಾವಣಗೆರೆಯವನು ನೂರಾಹತ್ತು. ದಾರಿಯಲ್ಲಿ ಒಡೆದರೆ ತಾನೇ ಮತ್ತೆ ಮಾಡಿಕೊಡುತ್ತೇನೆ ಎಂದವನು ದಾವಣಗೆರೆಯವನೇ. ಬಸ್ಸು, ಡಬ್ಬಿ ಸೇರಿ ಹದಿನೈದು ನಮ್ಮ ಖರ್ಚು. ಇಬ್ಬರಿಗೂ ಒಂದೊಂದು ನಮೂನೆ ಕಳಿಸಿ ಎಂದೆ. ಯಾವ ಚಿತ್ರ ಹಾಕಲಿ ಎಂದು ಕೇಳಿದರು.

ಕಂಪ್ಯೂಟರಿನಲ್ಲಿ ಅಮರೇಶನದೊಂದಿತ್ತು. ಊರವರ ಫೋಟೋವನ್ನೆಲ್ಲ ತೆಗೆದವನದು ನಗುವ ಫೋಟೋ ಅದೊಂದೇ, ಯಾರದೋ ಮೊಬೈಲಿನದು. ಸಣ್ಣ ಫೋಟೋ ಹಿಗ್ಗಿಸಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತದೆ ಎಂದು ಗಿರಾಕಿಗಳಿಗೆ ಹೇಳುವವಳು ನಾನೇ. ಆದರೂ ಹಿಗ್ಗಿಸಿ ನೋಡಿದೆ. ಒಡೆಯಿತು. ಹೆಬ್ಬೆರಳಿನಷ್ಟಕ್ಕೆ ಇಳಿಸಿ ಕಳಿಸಿದೆ.

ನಮೂನೆಗಳು ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಪೊಟ್ಟಣ ಬಿಚ್ಚಿದ ಅತ್ತೆ ನಾಗಲಿಂಗಮ್ಮ ಎರಡೂ ಮಗ್ಗನ್ನು ದೇವರ ಜಗಲಿಯ ಮೇಲಿಟ್ಟು, ವಿಭೂತಿ ಹಚ್ಚಿ, ಹೂವು ಏರಿಸಿದ್ದರು.

"ಅತ್ತಿ, ಅವು ತೊಳದು ನೋಡಾಕ ತರಿಸಿದ್ವು."

"ತೊಳದು?"

"ತಿಕ್ಕಿದ್ರ ಬಣ್ಣ ಹೋಗ್ತೈತೇನು ಅಂತ."

"ನನ್ ಮಗನ ಮುಖಕ್ಕ ತೆಂಗಿನ ನಾರು ಹಾಕ್ತೀಯೇನವ್ವ? ಮುಟ್ಟಬ್ಯಾಡ."

ಮುಟ್ಟಲಿಲ್ಲ. ನನಗೂ ಮುಟ್ಟುವ ಮನಸ್ಸಿರಲಿಲ್ಲ. ತಳದಲ್ಲಿ ಬರೆದ ಊರಿನ ಹೆಸರು ಬಿಟ್ಟರೆ, ಜಗಲಿಯ ಮೇಲೆ ಎರಡೂ ಒಂದೇ ಥರ ನಗುತ್ತಿದ್ದವು.

ಗುರುಶಾಂತ ಸಂಜೆಯೊಳಗೆ ಕ್ರಾಂತಿಕುಮಾರನಿಗೆ ಮಗ್ ಸಿಗುವ ದಿನ ಹೇಳಬೇಕಿತ್ತು. "ಹುಬ್ಬಳ್ಳಿಗೇ ಕೊಡಾಣ ಬಿಡು ಅತ್ತಿಗಿ. ಅರವತ್ತೈದು ಉಳಿತೈತಿ. ದಾವಣಗೇರಿಗೆ ಕೊಟ್ರ ಇಪ್ಪತ್ತೈದು. ಇಪ್ಪತ್ತೈದಕ್ಕ ಯಾರ ಅಂಗಡಿ ತಗೀತಾರ?"

"ಮುಖ ಅಳಿಸಿದ್ರ?"

"ಹುಡುಗ್ರು ಮೂರು ದಿನ ಕುಡೀತಾರ, ನಾಕನೇ ದಿನ ಅದರಾಗ ಪೆನ್ನು ಇಡ್ತಾರ."

ಕೆಲವರು ಇಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾರಾದರೂ ಒಬ್ಬರು ದಿನಾ ಅದರಲ್ಲೇ ಕುಡಿಯುತ್ತಾರೆ, ದಿನಾ ತೊಳೆಯುತ್ತಾರೆ. ಜಗಲಿಯ ಮುಂದೆ ಹೋಗಿ ನಿಂತೆ. ಎರಡೂ ಮಗ್ ತೆಗೆದುಕೊಂಡು ಬಚ್ಚಲಿಗೆ ನಡೆದೆ. ಅತ್ತೆ ಹಿಂದೆಯೇ ಬಂದರು. ಬೈಯುತ್ತಾರೆಂದುಕೊಂಡೆ, ಬಾಗಿಲ ಚೌಕಟ್ಟು ಹಿಡಿದು ನಿಂತರು.

ವಿಭೂತಿ ಮೊದಲ ನೀರಿಗೇ ಹೋಯಿತು. ಸಾಬೂನು ಹಚ್ಚಿ ತಿಕ್ಕಿದೆ, ನಾರಿನಿಂದ, ವರ್ಷದ ಪಾತ್ರೆಯನ್ನೆಲ್ಲ ಒಂದೇ ಸಲ ತೊಳೆಯುವವಳಂತೆ. ದಾವಣಗೆರೆಯದು ಹಾಗೇ ಉಳಿಯಿತು. ಹುಬ್ಬಳ್ಳಿಯದರ ಮೇಲಿನ ಹೊಳಪು ಗೀರುಗೀರಾಗಿ, ಮೊದಲು ಮೀಸೆ ಹೋಯಿತು, ಆಮೇಲೆ ನಗು. ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ.

"ಸಾಕವ್ವ" ಎಂದು ಅತ್ತೆ ನನ್ನ ಮಣಿಕಟ್ಟು ಹಿಡಿದರು. ಮುಖ ಉಳಿದಿದ್ದ ಮಗ್ಗನ್ನು ಸೆರಗಿನಿಂದ ಒರೆಸಿ, ಒಳಗೆ ತಿರುಗಿ ಕೂಗಿದರು: "ಲೇ ಗುರುಶಾಂತ, ದಾವಣಗೇರಿಯವಂಗ ಫೋನ್ ಮಾಡು. ಮಂದಿ ಮಕ್ಕಳ ಮುಖ ಅಳಸಬ್ಯಾಡ."

"ಇಪ್ಪತ್ತೈದರಾಗ ನಾವೇನು ತಿನ್ನಾದು?"

"ಇಪ್ಪತ್ತೈದಾ ತಿನ್ನು."

ಮರುದಿನ ಕ್ರಾಂತಿಕುಮಾರನಿಗೆ ಎರಡು ಮಗ್ಗನ್ನೂ ತೋರಿಸಿ ಹತ್ತು ರೂಪಾಯಿ ಹೆಚ್ಚಿಗೆ ಕೇಳಿದೆ. ಅಳಿಸಿದ್ದನ್ನು ತಿರುಗಿಸಿ ನೋಡಿ, "ಇದರಾಗ ಯಾರಿದ್ರು ಮೇಡಂ?" ಎಂದ. ಗುರುಶಾಂತ ಇನ್ನೊಂದು ಮಗ್ಗನ್ನು ಅವನ ಕಡೆ ತಿರುಗಿಸಿದ. ಕ್ರಾಂತಿಕುಮಾರ್ ಹತ್ತು ರೂಪಾಯಿಗೆ ಒಪ್ಪಿಕೊಂಡ.

ದಾವಣಗೆರೆಯ ಮಗ್ ಜಗಲಿಗೆ ಮರಳಿತು. ಅದರಲ್ಲಿ ಯಾರೂ ಕುಡಿಯುವಂತಿಲ್ಲ. ಇನ್ನೊಂದರಲ್ಲಿ ಮುಖವಿಲ್ಲವಾದ್ದರಿಂದ ಅದಕ್ಕೆ ಎಂಜಲಿನ ದೋಷವೂ ಇಲ್ಲ ಎಂದು ಅತ್ತೆಯೇ ಅಡುಗೆಮನೆಯಲ್ಲಿಟ್ಟರು.

ಬೆಳಿಗ್ಗೆ ಅದರಲ್ಲಿ ನನ್ನ ಚಹಾ. ಗೀರುಗಳು ಎಲ್ಲಿವೆ ಎಂದು ಬೆರಳಿಗೆ ಗೊತ್ತು. ಅವು ತುಟಿಯ ಕಡೆಗೆ ಬರುವ ಹಾಗೆ ತಿರುಗಿಸಿ ಹಿಡಿಯುತ್ತೇನೆ.