ಬೆಳ್ಳುಳ್ಳಿ ಒಗ್ಗರಣೆ

"ಸೌತೆಕಾಯಿ ಕೋಸಂಬರಿಗೂ ಬೆಳ್ಳುಳ್ಳಿಯಾ?" ಯಕ್ಷಿತಾ ಕಚೇರಿಯಿಂದ ತಂದ ಡಬ್ಬದ ಮುಚ್ಚಳ ತೆಗೆದು ಗಂಡನ ಮುಂದೆ ಹಿಡಿದಳು. ಅರ್ಧ ಹಾಗೇ ಉಳಿದಿತ್ತು.

ಹಿತೇಶ ಮುಂಬಯಿಯ ಮಾಟುಂಗದಲ್ಲಿ ಉಡುಪಿ ಹೋಟೆಲೊಂದರ ಮ್ಯಾನೇಜರು. ಕಾಂದಿವಲಿಯ ಮನೆಯಲ್ಲಿ ಹೆಂಡತಿಯ ಡಬ್ಬ ಕಟ್ಟುವುದು ಅವನದೇ ಕೆಲಸ, ಅದನ್ನು ನೆಂಟರೆದುರು ಹೇಳಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ. ಆ ಡಬ್ಬದಲ್ಲಿ ಅವಳ ಸಹೋದ್ಯೋಗಿ ಕಾಶಿನಾಥನಿಗೂ ಪಾಲು ಹೋಗುತ್ತಿತ್ತು. ಕಾಶಿನಾಥ ಬೆಳ್ಳುಳ್ಳಿ ಮುಟ್ಟುವವನಲ್ಲ. ಅದು ತಿಳಿದ ಮರುದಿನದಿಂದ ಪಲ್ಯ, ಸಾರು, ಚಟ್ನಿ ಎಲ್ಲಕ್ಕೂ ಬೆಳ್ಳುಳ್ಳಿ ಬಿತ್ತು. ನಲವತ್ತರ ಹತ್ತಿರದ ಗಂಡಸಿನ ಶೌರ್ಯ ಇಷ್ಟೇ.

"ಹೃದಯಕ್ಕೆ ಒಳ್ಳೆಯದು," ಎಂದ. ಅವಳು ನಗಲಿಲ್ಲ. ಕಾಶಿನಾಥನ ಸ್ನೇಹಕ್ಕೆ ನನ್ನದೇನೂ ಅಡ್ಡಿಯಿಲ್ಲ, ನಾನು ಆ ಥರದ ಗಂಡ ಅಲ್ಲ ಎಂದು ಶುರುಮಾಡಿದ. ಆಫೀಸಿನವರು ಏನಾದರೂ ಅಂದುಕೊಂಡಾರು, ಸಂಜೆ ಅವನ ಜೊತೆ ಬರುವ ಬದಲು ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲೇ ಬಂದರೆ ಕ್ಷೇಮ ಎಂದೂ ಸೇರಿಸಿದ. ಗಿರಾಕಿಯ ಮುಂದೆ ಹಳಸಿದ ಸಾಂಬಾರನ್ನು ಸಮರ್ಥಿಸುವ ದನಿ ಅದು.

"ನಿಮಗೆ ಹೊಟ್ಟೆಕಿಚ್ಚು ಅಂದ್ರೆ ಹಾಗೇ ಹೇಳಿ," ಎಂದಳು ಯಕ್ಷಿತಾ. "ನನ್ನ ಕ್ಷೇಮ ಎಂತಕ್ಕೆ ಮಧ್ಯೆ ತರ್ತೀರಿ?"

ಅವನ ಮುಖ ಕೆಂಪಾಯಿತು. ಸುಳ್ಳುಗಳೆಲ್ಲ ಮುಗಿದ ಮೇಲೆ ಹೇಡಿಗೂ ನಿಜವೊಂದೇ ಉಳಿಯುತ್ತದೆ.

"ಹೌದು, ಹೊಟ್ಟೆಕಿಚ್ಚು. ನೀನು ಕೆಲಸ ಬಿಡುವ ಯೋಚನೆ ಮಾಡಿದ್ದು ನನಗೆ ಅವನ ಬಾಯಿಂದ ಗೊತ್ತಾಯ್ತು. ಹೋಟೆಲಿಗೆ ಚಾ ಕುಡಿಯಲು ಬಂದವನು ಹೇಳಿದ. ನನಗೆ ಮೊದಲೇ ಗೊತ್ತಿದ್ದ ಹಾಗೆ ತಲೆ ಆಡಿಸಿದೆ ನಾನು."

"ಈಗ ಅವನ ಹತ್ರ ಮಾತು ಬಿಡ್ಬೇಕಾ?"

ಬಿಡು ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹಾಗೆ ಹೇಳಿದರೆ ಅವಳು ಬಿಟ್ಟೂ ಬಿಡುತ್ತಾಳೆ, ಆಮೇಲೆ ಇವನಿಗೆ ಏನನ್ನೂ ಹೇಳುವುದಿಲ್ಲ. ಅಷ್ಟು ಬುದ್ಧಿ ಅವನಿಗೂ ಇತ್ತು.

"ಬೇಡ. ಅವನು ನಿನ್ನ ದೋಸ್ತ್, ಇರ್ಲಿ. ಈ ಕಿಚ್ಚು ನನ್ನದು, ನಾನೇ ನೋಡಿಕೊಳ್ತೇನೆ. ನನ್ನ ಹತ್ರವೂ ಸ್ವಲ್ಪ ಹೇಳು, ಅಷ್ಟೇ."

ಯಕ್ಷಿತಾ ಡಬ್ಬ ಕೆಳಗಿಟ್ಟಳು. "ಕೆಲಸದ ವಿಷಯ ನಿಮಗೇ ಮೊದಲು ಹೇಳಿದ್ದು. ನೀವು ಫೋನ್ ನೋಡ್ತಾ 'ಹಾಂ ಹಾಂ' ಅಂದ್ರಿ. ಅವನು 'ಮತ್ತೆ?' ಅಂತ ಕೇಳಿದ."



ಮರುದಿನ ಬೆಳಿಗ್ಗೆ ಬೀನ್ಸ್ ಪಲ್ಯ ಒಲೆಯ ಮೇಲಿತ್ತು. ಅವನು ಬೆಳ್ಳುಳ್ಳಿ ಒಗ್ಗರಣೆ ಹಾಕುವ ಮೊದಲು ಸ್ವಲ್ಪ ಪಲ್ಯವನ್ನು ಬೇರೆ ಡಬ್ಬಿಗೆ ತೆಗೆದಿಟ್ಟ. ಯಕ್ಷಿತಾ ನೋಡಿದಳು. ತಲೆ ಬಾಚಿಕೊಳ್ಳುತ್ತ ಬಾಗಿಲಿಗೆ ಒರಗಿ, ಆಫೀಸಿನ ಹೊಸ ಸಾಹೇಬ ನಿನ್ನೆ ತನ್ನನ್ನು ಎಲ್ಲರೆದುರು ಬೈದದ್ದನ್ನು ಹೇಳತೊಡಗಿದಳು. ಅಷ್ಟರಲ್ಲಿ ಹೋಟೆಲಿನಿಂದ ಫೋನ್ ಬಂತು. ಹಿತೇಶನ ಕೈ ಅಭ್ಯಾಸಬಲದಿಂದ ಅತ್ತ ಹೋಯಿತು, ದಾರಿಯಲ್ಲೇ ನಿಂತಿತು. ಯಕ್ಷಿತಾ ಮಾತು ನಿಲ್ಲಿಸಿದ್ದಳು.

"ಮತ್ತೆ?" ಎಂದ.

ಕಲ್ಲಿನ ಕಟ್ಟೆಯ ಮೇಲೆ ಫೋನು ಗುರುಗುಟ್ಟುತ್ತ ಸಾಸಿವೆ ಡಬ್ಬಿಯವರೆಗೆ ಸರಿದುಹೋಯಿತು.