ದಂಡ ಮನ್ನಾಕ್ಕೆ ಅಣ್ಣನ ಸಹಿ

ಗುತ್ಯಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು ಅಂದರೆ ಕಡಿಮೆ ಹೇಳಿದ ಹಾಗೆ. ಅವನಿಗೆ ಸಿಟ್ಟು ಬಂದದ್ದು ಮೊದಲು ಕೈಗೆ ಗೊತ್ತಾಗುತ್ತಿತ್ತು, ಆಮೇಲೆ ತಲೆಗೆ. ಸೊರಬದ ಪುರಸಭೆಯಲ್ಲಿ ಕಂದಾಯ ವಿಭಾಗದ ಗುಮಾಸ್ತೆ ತೃಪ್ತಿಯ ಮೇಜಿನಿಂದ ನೀರಿನ ಲೋಟ ಉರುಳಿ ಚೂರಾದದ್ದೂ ಹಾಗೆಯೇ. ಮೇಜಿಗೆ ಅವನು ಹಾಗೆ ಗುದ್ದಿದ್ದ.

"ಮನ್ನಾ ಆಗಲ್ಲ ಅಂದ್ರೆ ಎಂತ ಅರ್ಥ? ಅರ್ಜಿಯಾದ್ರೂ ಓದಿದ್ರಾ ಮೇಡಂ?"

ಓದಿದ್ದಳು. ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇನ್ನೂ ಖಾತೆ ಇರುವ ಮನೆ, ಅದರ ಮುಂಭಾಗದಲ್ಲಿ ಗುತ್ಯಪ್ಪನ ಹಿಟ್ಟಿನ ಗಿರಣಿ. ಆರು ವರ್ಷದಿಂದ ಆಸ್ತಿ ತೆರಿಗೆ ಕಟ್ಟಿಲ್ಲ. ತೆರಿಗೆಯ ಮೇಲೆ ತಿಂಗಳಿಗೆ ಶೇಕಡಾ ಎರಡರಂತೆ ದಂಡ ಬೆಳೆದು ಅಸಲಿನ ಹತ್ತಿರಕ್ಕೇ ಬಂದಿದೆ. ತೆರಿಗೆ ಚುಕ್ತಾ ಆಗದೆ ಗಿರಣಿಯ ಪರವಾನಗಿ ನವೀಕರಣವಾಗುವುದಿಲ್ಲ, ಆಗದಿದ್ದರೆ ಗಿರಣಿಗೆ ಬೀಗ. ನೋಟಿಸು ಬಾಗಿಲ ಮೇಲೆ ಅಂಟಿಸಿಯೂ ಆಗಿದೆ. ಆ ಗಿರಣಿ ಬಿಟ್ಟರೆ ಗುತ್ಯಪ್ಪನಿಗೆ ಬೇರೆ ಅನ್ನದ ದಾರಿಯಿಲ್ಲ.

"ಅಣ್ಣ ತಕರಾರು ಅರ್ಜಿ ಕೊಟ್ಟಿದಾನೆ ಮೇಡಂ. ತಕರಾರು ಇರೋ ಆಸ್ತಿಗೆ ನಾನು ದುಡ್ಡು ಕಟ್ಟಿದ್ರೆ ಅದು ಅವನ ಲೆಕ್ಕಕ್ಕೆ ಹೋಗಲ್ವಾ? ಹಿರಿಮಗ ಅವನೇ ತಾನೆ? ಅದಕ್ಕೇ ಕಟ್ಟಿಲ್ಲ. ತಪ್ಪು ಅವನದ್ದು, ದಂಡ ನನಗಾ?"

"ತಕರಾರು ಇರೋದು ಖಾತೆ ಬದಲಾವಣೆಗೆ" ಎಂದಳು ತೃಪ್ತಿ, ಕಾಲ ಬಳಿಯ ಗಾಜನ್ನು ಚಪ್ಪಲಿಯಿಂದ ಸರಿಸುತ್ತ. "ದಂಡ ನಾನು ಹಾಕೋದಲ್ಲ, ಕಂಪ್ಯೂಟರ್ ತಾನೇ ಹಾಕುತ್ತೆ. ಅಳಿಸೋಕೆ ನನ್ನ ಕೈಲಿ ಆಗಲ್ಲ."

ಗದ್ದಲ ಕೇಳಿ ಮುಖ್ಯಾಧಿಕಾರಿ ಗೌರೀಶಂಕರ ಹೊರಗೆ ಬಂದರು. ನಿಧಾನದ ಮನುಷ್ಯ, ಪಾಪ. ದಂಡ ಮನ್ನಾ ಮಾಡುವ ಅಧಿಕಾರ ತಮಗೂ ಇಲ್ಲ, ಅದೇನಿದ್ದರೂ ಸರ್ಕಾರದ್ದು, ಅರ್ಜಿಯನ್ನು ಮೇಲಕ್ಕೆ ಕಳಿಸಬಹುದು, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು. ಹೋಗುವಾಗ ಒಳ್ಳೆಯ ಮನಸ್ಸಿನಿಂದಲೇ ಇನ್ನೊಂದು ಮಾತು ಸೇರಿಸಿದರು. "ನಿಮ್ಮಣ್ಣ ತಕರಾರು ವಾಪಸ್ ತಗೊಂಡ್ರೆ ಖಾತೆನಾದ್ರೂ ಇಬ್ಭಾಗ ಆಗುತ್ತೆ. ಮಾತಾಡಿ ನೋಡಿ."

ಅವರು ಹೇಳಿದ್ದು ಖಾತೆಯ ಮಾತು. ಗುತ್ಯಪ್ಪನ ತಲೆಗೆ ಹೋದದ್ದು ಅಣ್ಣನ ಹೆಸರೊಂದೇ. ಅಣ್ಣ ವಾಪಸ್ ತಗೊಂಡರೆ ಎಲ್ಲವೂ ಸರಿ! ಬಸ್ ಸ್ಟ್ಯಾಂಡಿನ ಟೈಪಿಸ್ಟನ ಹತ್ತಿರ ಕೂತು ಅಣ್ಣನ ಹೆಸರಿನಲ್ಲಿ ತಾನೇ ಹೇಳಿ ಬರೆಸಿದ: 'ನನ್ನ ತಕರಾರಿನಿಂದಲೇ ತೆರಿಗೆ ತಡವಾಗಿದ್ದು, ದಂಡ ಮನ್ನಾ ಮಾಡಲು ನನ್ನ ಅಭ್ಯಂತರವಿಲ್ಲ.' ಅಲ್ಲ, ಅಣ್ಣನ ಅಭ್ಯಂತರ ಯಾವ ಸರ್ಕಾರ ಕೇಳಿತ್ತು? ಪುರಸಭೆಗೆ ವಾಪಸ್ ಹೋಗಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವ ಜಾಯಮಾನ ಅವನದಲ್ಲ. ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಹೋಗುವ ಬಸ್ಸು ಹತ್ತಿದ.

ಅಣ್ಣ ರಾಜಪ್ಪನದು ಅಂಜನಾಪುರದ ರಸ್ತೆಯಲ್ಲಿ ವೆಲ್ಡಿಂಗ್ ಶೆಡ್ಡು. ತಮ್ಮನನ್ನು ಕಂಡವನೇ ಕಿಟಕಿಯ ಸರಳು ಬೆಸೆಯುವುದನ್ನು ನಿಲ್ಲಿಸಿ, ಕಾಗದ ಓದಿ, ಗಟ್ಟಿಯಾಗಿ ನಕ್ಕ.

"ಏನಲೇ, ಆರು ವರ್ಷ ಗಿರಣಿ ದುಡ್ಡು ಉಂಡೋನು ನೀನು. ತಪ್ಪು ನನ್ದು ಅಂತ ನಾನೇ ಬರ್ಕೊಡ್ಬೇಕಾ?"

"ಸಹಿ ಹಾಕು ರಾಜಣ್ಣ. ಗಿರಣಿಗೆ ಬೀಗ ಬೀಳ್ತದೆ."

"ಬೀಳ್ಲಿ ಬಿಡು. ಅಪ್ಪನ ಜಾಗದಾಗೆ ನನ್ನ ಕೇಳ್ದೆ ಮಿಷಿನ್ ಕೂರಿಸ್ದಾಗ ಈ ಅಣ್ಣ ಕಣ್ಣಿಗೆ ಬಿದ್ದಿರ್ಲಿಲ್ಲಾ?" ಎಂದು ರಾಜಪ್ಪ ಕಾಗದವನ್ನು ಎಣ್ಣೆ ಮೆತ್ತಿದ ನೆಲಕ್ಕೆ ಎಸೆದು ಕಾಲಿಟ್ಟ.

ಆ ಕಾಲಿನ ಮೇಲೆಯೇ ಗುತ್ಯಪ್ಪ ಎಗರಿ ಬಿದ್ದ. ಇಬ್ಬರೂ ಗೇಟುಗಳ ರಾಶಿಗೆ ಬಡಿದುಕೊಂಡು ಉರುಳಿದರು. ರಾಜಪ್ಪ ವಯಸ್ಸಾದವನಾದರೂ ಕಬ್ಬಿಣ ಎತ್ತುವ ಮೈ. ತಮ್ಮನ ಕತ್ತು ಹಿಡಿದು ಗೋಡೆಗೆ ಒತ್ತಿ ಮುಖಕ್ಕೆ ಎರಡು ಬಿಟ್ಟ. ಗುತ್ಯಪ್ಪನ ಬಾಯಲ್ಲಿ ರಕ್ತ ಒಸರಿತು, ಕಣ್ಣು ಕತ್ತಲೆಗಟ್ಟಿತು. ತಡಕಾಡಿದ ಕೈಗೆ ಸರಳೊಂದು ಸಿಕ್ಕಿತು. ಬೀಸಿದ. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದಕ್ಕೆ ರಾಜಪ್ಪ ತಲೆ ಉಳಿಸಿಕೊಳ್ಳಲು ಬಲಗೈ ಅಡ್ಡ ಹಿಡಿದ. ಮುಂಗೈ ಲಟ್ಟೆಂದು ಮುರಿದು ಜೋತುಬಿತ್ತು.

"ಅಯ್ಯೋ ಚಿಗಪ್ಪಾ, ಅಪ್ಪ ಸಾಯ್ತಾನೆ!" ಬುತ್ತಿ ತಂದಿದ್ದ ರಾಜಪ್ಪನ ಮಗಳು ಚೈತ್ರ ಬಾಗಿಲಲ್ಲಿ ನಿಂತು ಕಿರುಚಿದಳು. ಬಿಡಿಸಲು ಬಂದವಳನ್ನು ಗುತ್ಯಪ್ಪ ಒಂದೇ ಕೈಯಲ್ಲಿ ನೂಕಿದ. ಬುತ್ತಿಯ ಸಮೇತ ಅವಳು ರಸ್ತೆಗೆ ಬಿದ್ದಳು.

"ಹಾಕ್ತೀನಲೇ... ಹಾಕ್ತೀನಿ, ಬಿಡು" ಎಂದು ರಾಜಪ್ಪ ಗೋಗರೆದ. ಹಾಕುವ ಕೈಯನ್ನೇ ಮುರಿದಾಗಿತ್ತಲ್ಲ! ಗುತ್ಯಪ್ಪನಿಗೆ ಅದು ಆಗ ಹೊಳೆಯಿತು. ಹೊಳೆದ ಮೇಲಾದರೂ ನಾಚಿಕೆಯಾಯಿತೇ? ಇಲ್ಲ. ಬಿಲ್ಲಿಗೆ ಮೊಹರು ಒತ್ತುವ ಇಂಕ್ ಪ್ಯಾಡನ್ನು ಎಳೆದುಕೊಂಡು, ಅಣ್ಣನ ಎದೆಯ ಮೇಲೆ ಮೊಣಕಾಲೂರಿ, ಎಡಗೈ ಹೆಬ್ಬೆರಳನ್ನು ತಿರುಚಿ ಕಾಗದಕ್ಕೆ ಒತ್ತಿಸಿದ. ರಾಜಪ್ಪ ಕೋಣನಂತೆ ಅರಚಿದ. ಇಂಕು ಯಾವುದು, ರಕ್ತ ಯಾವುದು ಎಂದು ಗೊತ್ತಾಗದ ಹಾಗೆ ಗುರುತು ಮೂಡಿತು. ಪಕ್ಕದ ಅಂಗಡಿಯವರು ಓಡಿ ಬರುವಷ್ಟರಲ್ಲಿ ಗುತ್ಯಪ್ಪ ಹಿತ್ತಿಲ ಬೇಲಿ ಹಾರಿದ್ದ.

ಅವನು ಸೊರಬಕ್ಕೆ ವಾಪಸಾದಾಗ ಕಚೇರಿ ಮುಚ್ಚುವ ಹೊತ್ತು. ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂತಿರಲಿಲ್ಲ. ಶಿಕಾರಿಪುರದಿಂದ ಫೋನು ಅವನಿಗಿಂತ ಮುಂಚೆ ಬಂದಿತ್ತು. ಗಂಡ ಎಲ್ಲಿಗೆ ಬರುತ್ತಾನೆಂದು ಹೆಂಡತಿ ವರದಮ್ಮನಿಗೆ ಗೊತ್ತಿತ್ತು, ಅವಳು ಪುರಸಭೆಯ ಬೆಂಚಿನ ಮೇಲೆ ಕಾಯುತ್ತಿದ್ದಳು. ಅವಳೇ ಕರೆಸಿದ ಇಬ್ಬರು ಪೊಲೀಸರು ಮೆಟ್ಟಿಲ ಬಳಿ ನಿಂತಿದ್ದರು.

ಪೊಲೀಸರು ರಟ್ಟೆ ಹಿಡಿದರೂ ಗುತ್ಯಪ್ಪ ಕೊಸರಿಕೊಂಡು ಒಳಗೆ ನುಗ್ಗಿ ಕಾಗದವನ್ನು ತೃಪ್ತಿಯ ಮುಂದೆ ಚಾಚಿದ. "ತಗೊಳ್ಳಿ ಮೇಡಂ! ಅಣ್ಣಂದು ಬಂತು. ಈಗ ದಂಡ ತೆಗೀರಿ."

ತೃಪ್ತಿ ಮುಟ್ಟಲಿಲ್ಲ. ಕೂತಲ್ಲೇ ಹಿಂದೆ ಸರಿದಳು.

"ಇದು ಬೇಕೇ ಇರ್ಲಿಲ್ಲ ಗುತ್ಯಪ್ಪನವ್ರೇ. ನಿಮ್ಮಣ್ಣ ಒಪ್ಪಿದ್ರೂ ದಂಡ ಹೋಗಲ್ಲ, ಒಪ್ಪದಿದ್ರೂ ಹೋಗಲ್ಲ."

ಪೊಲೀಸರು ಗುತ್ಯಪ್ಪನ ಕೈಗಳನ್ನು ಹಿಂದಕ್ಕೆ ತಿರುಚಿದರು.

ವರದಮ್ಮ ಎದ್ದು ಮೇಜಿನ ಹತ್ತಿರ ಬಂದಳು. "ಮೇಡಂ, ಒಂದು ಕೇಳ್ತೀನಿ. ತಕರಾರು ಇದ್ದಾಗ್ಲೇ ವರ್ಷ ವರ್ಷ ತೆರಿಗೆ ಕಟ್ಟಿದ್ರೆ ನೀವು ಇಸ್ಕೊಳ್ತಿದ್ರಾ?"

"ಇಸ್ಕೊಳ್ತಿದ್ವಿ. ರಶೀದಿ ಖಾತೆದಾರರ ಹೆಸರಿಗೇ ಬರೋದು, ನಿಮ್ಮ ಮಾವನೋರ ಹೆಸರಿಗೆ. ಕಟ್ಟಿದೋರಿಗೆ ಆಸ್ತಿ ಬರಲ್ಲ, ಕಟ್ಟದೋರಿಗೆ ಹೋಗಲ್ಲ."

"ನಾನು ಬಂದು ಕಟ್ಟಿದ್ರೂ?"

"ಯಾರು ಕಟ್ಟಿದ್ರೂ, ಅಮ್ಮ."

ವರದಮ್ಮ ಗಂಡನ ಕಡೆ ತಿರುಗಿದಳು. ಮದುವೆಯಾದಂದಿನಿಂದ ನೀವು ಅಂದವಳ ಬಾಯಲ್ಲಿ ಅವತ್ತು ನೀನು ಬಂತು.

"ಕೇಳ್ತಾ? ಮೊದಲನೇ ವರ್ಷವೇ ಹೋಗಿ ಕಟ್ಟಿ ಬರ್ತೀನಿ ಅಂತ ನಾನು ಅಂದೆ. ಅದಕ್ಕೆ ನನ್ನ ಹಲ್ಲು ಉದುರಿಸ್ದೆ. ಇವತ್ತು ಒಡಹುಟ್ಟಿದವನ ಕೈ ಮುರ್ದೆ. ಎಲ್ಲಾ ಎಂತಕ್ಕೆ? ಹ್ಞಾಂ? ಎಂತಕ್ಕೆ ಹೇಳು!"

ಅವನು ತಲೆ ಎತ್ತುವ ಮೊದಲೇ ಅವಳ ಕೈ ಬಂತು. ಇಡೀ ಅಂಗೈಯ ಏಟು. ಕೆನ್ನೆ ಆ ಕಡೆ ತಿರುಗಿತು, ಒಡೆದಿದ್ದ ತುಟಿಯಿಂದ ರಕ್ತ ತೃಪ್ತಿಯ ಮೇಜಿಗೆ ಚಿಮ್ಮಿತು. ಎರಡನೆಯದನ್ನೂ ಹೊಡೆದಳು. ಮೂರನೆಯದಕ್ಕೆ ಪೊಲೀಸರೇ ಅವಳನ್ನು ತಡೆಯಬೇಕಾಯಿತು. ಗುತ್ಯಪ್ಪ ಕೊಸರಲಿಲ್ಲ, ಬೈಯಲಿಲ್ಲ. ಅವರು ಎಳೆದತ್ತ ನಡೆದು ಹೋಗಿ ಜೀಪು ಹತ್ತಿದ.

ವರದಮ್ಮ ಉರಿಯುತ್ತಿದ್ದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ದಂಡದ ಸಮೇತ ಎಷ್ಟಾಗುತ್ತದೋ ಹೇಳಿ, ನಾಳೆ ಬಂದು ಕಟ್ಟುತ್ತೇನೆ, ಗಿರಣಿ ಇನ್ನು ನಾನೇ ನಡೆಸಬೇಕು ಎಂದಳು.