ಹಿಡಿಕೆ ತಿರುಗಿಸಿದವನು

ಹಿಂದೊಮ್ಮೆ ಬ್ರೆಡ್ ಕಾರ್ಖಾನೆಯಲ್ಲಿ ಕರೆಂಟು ಕೈಕೊಟ್ಟಾಗ, ಕಾದ ಒಲೆಯೊಳಗೆ ನಿಂತುಬಿಟ್ಟ, ಬ್ರೆಡ್ ಸಾಗಿಸುವ ಉಕ್ಕಿನ ಪಟ್ಟಿ ಸೊಟ್ಟಗಾಗದಂತೆ ಮೇಸ್ತ್ರಿ ಒಬ್ಬನೇ ಕೈಹಿಡಿಕೆ ತಿರುಗಿಸುತ್ತ ಅದನ್ನು ಓಡಿಸಿದ್ದ. ಅಂಗೈ ಸುಲಿದುಹೋಯಿತು; ಪಟ್ಟಿ ಮಾತ್ರ ನೆಟ್ಟಗೆ ಉಳಿಯಿತು.

ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ, ಐವತ್ತು ದಾಟಿದವನನ್ನು ಕರೆದು ಮಾತನಾಡಿಸಿದವರಿಲ್ಲ. ಇಂದು ಇನ್ನೊಂದು ಬ್ರೆಡ್ ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು. "ಅಲ್ಲಿ ನಾಲಿಗೆ ಸ್ವಲ್ಪ ಹಿಡಿತದಲ್ಲಿರಲಿ" ಎಂದೇ ಹೆಂಡತಿ ಕಳುಹಿಸಿದ್ದಳು.

ಮೇಜಿನಾಚೆ ಮಾಲೀಕರು; ಪಕ್ಕದಲ್ಲಿ ಅವನ ಮಗಳ ವಯಸ್ಸಿನ ಉತ್ಪಾದನಾ ಮ್ಯಾನೇಜರು. ಕೇಳಿದವಳು ಅವಳೇ.

"ಒಲೆ ವಿಭಾಗದವರು ನನ್ನ ಕೈಕೆಳಗೆ ಬರ್ತಾರೆ. ನಾನು ನಿಮಗಿಂತ ತುಂಬಾ ಚಿಕ್ಕವಳು. ನಿಮಗೆ ಮುಜುಗರ ಆಗಲ್ವಾ?"

"ಮುಜುಗರ ಯಾಕಮ್ಮ? ನೀವಿನ್ನೂ ತೊಟ್ಟಿಲಲ್ಲಿದ್ದಾಗಲೇ ನಾನು ಕರೆಂಟಿಲ್ಲದೆ ಒಲೆ ಓಡಿಸಿದವನು!" ಎಂದವನೇ ಕಥೆಯನ್ನೆಲ್ಲ ಬಿಚ್ಚಿದ.

ಮಾಲೀಕರು ಮೇಜು ತಟ್ಟಿ ನಕ್ಕರು. "ಕೇಳಿದ್ಯೇನಮ್ಮ? ಅನುಭವ ಅಂದ್ರೆ ಇದು! ಮೇಸ್ತ್ರಿ, ನೀವೇ ಹೇಳಿ. ಒಲೆ ನಿಲ್ಲಿಸಿ, ಪಟ್ಟಿ ಬದಲಾಯಿಸ್ಬೇಕು ಅಂತ ಇವಳದು ಒಂದೇ ಹಠ. ಇನ್ನೊಂದು ವರ್ಷ ತಳ್ಳಬಹುದಲ್ವಾ?"

ಅವಳ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟಳು. ಮೇಸ್ತ್ರಿಗೆ ಚುರುಕ್ಕೆಂದಿತು. ಬಾಯಿ ಚಪಲಕ್ಕೆ ಆಡಿದ ತೊಟ್ಟಿಲಿನ ಮಾತು ಮಾಲೀಕರ ಕೈಗೆ ಕೋಲಾಗಿತ್ತು, ಏಟು ಬಿದ್ದದ್ದು ಈ ಹುಡುಗಿಗೆ. ಆ ಒಲೆಯನ್ನು ಅವನಿನ್ನೂ ಕಣ್ಣಲ್ಲೂ ಕಂಡಿರಲಿಲ್ಲ. ಆದರೂ ಒಂದು 'ಹೂಂ' ಎಂದರೆ ಕೆಲಸ ಕೈಗೆ ಬಂದಂತೆಯೇ.

ಅವನು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡ.

"ಮೇಡಂ, ನಿಮ್ಮ ಪ್ರಶ್ನೆಗೆ ನಾನು ಉತ್ತರಾನೇ ಕೊಡಲಿಲ್ಲ, ಜಂಬ ಕೊಚ್ಚಿಕೊಂಡೆ. ತಪ್ಪಾಯ್ತು. ಪಟ್ಟಿ ದಿನಾ ನೋಡೋರು ನೀವು, ತೀರ್ಮಾನ ನಿಮ್ಮದು. ನನಗೆ ಬೇರೆ ಥರ ಅನ್ನಿಸಿದ್ರೆ ಮೊದಲು ನಿಮ್ಮ ಹತ್ರ, ನಿಮ್ಮ ಕೋಣೇಲೇ, ಕಾರಣ ಸಮೇತ ಹೇಳ್ತೀನಿ. ನಿಮ್ಮನ್ನ ದಾಟಿ ಸಾಹೇಬರ ಹತ್ರ ಹೋಗಲ್ಲ. ಆಮೇಲೆ ನೀವು ಹೇಳಿದ್ದೇ ಕೆಲಸ."

ಮಾಲೀಕರ ನಗು ಆರಿತು. "ಸರಿ ಸರಿ, ನಿನ್ನ ವಿಭಾಗ, ನೀನೇ ನೋಡ್ಕೋಮ್ಮ" ಎಂದು ಫೋನೆತ್ತಿಕೊಂಡು ಹೊರನಡೆದರು.

ಕೆಲಸ ಹೋಯಿತೆಂದೇ ಮೇಸ್ತ್ರಿ ಎದ್ದ. ಅದಕ್ಕಿಂತ ಹೆಚ್ಚಾಗಿ ಅವಳ ಕೆಂಪು ಕಿವಿಯೇ ಅವನನ್ನು ಚುಚ್ಚುತ್ತಿತ್ತು.

"ನಾನು ಬಾಯಿ ಮುಚ್ಕೊಂಡಿದ್ರೆ ನಿಮಗೆ ಆ ಮಾತು ಬರ್ತಿರಲಿಲ್ಲ, ಮೇಡಂ."

"ಬರ್ತಿತ್ತು. ದಿನಾ ಬರುತ್ತೆ." ಅವಳು ಪೆನ್ನು ಕೈಗೆತ್ತಿಕೊಂಡಳು. "ಇವತ್ತು ಯಾರೋ ತಿರುಗಿ ನನ್ನ ಕಡೆ ನೋಡಿದ್ರು, ಅಷ್ಟೇ. ಕೂತ್ಕೊಳ್ಳಿ. ನಮ್ಮ ಒಲೇಲೂ ಅಂಥದ್ದೊಂದು ಹಿಡಿಕೆ ಇದೆ. ತಿರುಗಿಸೋಕೆ ಇಲ್ಲಿ ಯಾರಿಗೂ ಬರಲ್ಲ, ನನಗೂ ಬರಲ್ಲ."

ಅವನು ತಲೆ ತಗ್ಗಿಸಿಯೇ ಕುಳಿತ.

"ಆ ಕಥೆ ಇನ್ನೊಂದ್ಸಲ ಹೇಳಿ, ಮೇಸ್ತ್ರಿ. ಈ ಸಲ ನಿಧಾನಕ್ಕೆ. ನನ್ನ ತೊಟ್ಟಿಲೊಂದು ಬಿಟ್ಟು!"